ಆರನೇ ನಂಬರ್ ಪಂಪು ಹೇಳಿದ ಊರು

ನಮ್ಮ ಭಾವನ ಅಪ್ಪ ರೈಲ್ವೆಯಲ್ಲಿದ್ದವರು. ಅವರು ಬಿಟ್ಟುಹೋದ ಎಂಬತ್ತು ಚಿಲ್ಲರೆ ಫೋಟೋಗಳಲ್ಲಿ ಒಂದರ ಹಿಂದೆಯೂ ಊರಿನ ಹೆಸರಿಲ್ಲ. ಅವುಗಳಲ್ಲಿ ಕಾಣುವ ಬಾವಿ, ಪಂಪು ನೋಡಿ ಊರು ಹುಡುಕುತ್ತೇನೆ ಅಂದಾಗ ಮನೆಯವರೆಲ್ಲ ನಕ್ಕಿದ್ದರು.

ಶುರುವಿನಲ್ಲೇ ಎಡವಿದೆ. ಒಂದರಲ್ಲಿ ಮೂರು ಕಾಲಿನ, ಉದ್ದ ಹಿಡಿಯ ಇಂಡಿಯಾ ಮಾರ್ಕ್ 2 ಬೋರಿಂಗ್ ಇತ್ತು. ಹಿಂದಿನ ಬಂಡೆ ನೋಡಿ ಕೊಪ್ಪಳ ಅಂತ ತೀರ್ಮಾನಿಸಿ ಎರಡು ಸಲ ಹೋಗಿಬಂದೆ. ಪೆಟ್ರೋಲಿಗೇ ಮೂರೂವರೆ ಸಾವಿರ ಹೋಯಿತು, ಊರು ಸಿಗಲಿಲ್ಲ. ಮಾರ್ಕ್ 2 ದೇಶದ ತುಂಬ ಒಂದೇ ಅಚ್ಚು. ಅದು ಊರು ಹೇಳುವುದಿಲ್ಲ. ನೀರು ಆಳದಲ್ಲಿದೆ, ಫೋಟೋ 1970ರ ದಶಕದ ಕೊನೆಗಿಂತ ಹಳೆಯದಲ್ಲ, ಅಷ್ಟೇ.

ಇನ್ನೊಂದು ಫೋಟೋದಲ್ಲಿ ಅಂಗಳದಲ್ಲಿ ಅತ್ತೆ ನಿಂತಿದ್ದಾರೆ, ಪಕ್ಕದಲ್ಲಿ ಬೀಡುಕಬ್ಬಿಣದ ಗಿಡ್ಡ ಪಂಪು. ಭಾವ ಅದನ್ನು ಗುಂತಕಲ್ ಅಂದರು, ಅಪ್ಪ ಹೆಚ್ಚು ವರ್ಷ ಇದ್ದದ್ದು ಅಲ್ಲೇ ಅಂತ. ನಾನು ಒಪ್ಪಲಿಲ್ಲ. ಅದು ಆರನೇ ನಂಬರ್ ಪಂಪು. ಅದರ ವಾಷರ್ ಇರುವುದು ನೆಲದ ಮೇಲಿನ ಬುರುಡೆಯಲ್ಲೇ, ಅಲ್ಲಿಂದಲೇ ನೀರನ್ನು ಹೀರಬೇಕು. ಏಳು ಮೀಟರಿಗಿಂತ ಕೆಳಗಿನ ನೀರು ಅದಕ್ಕೆ ಎಟುಕದು. ಗುಂತಕಲ್ಲಿನ ಬಂಡೆ ನೆಲದಲ್ಲಿ ವರ್ಷವಿಡೀ ಅಷ್ಟು ಮೇಲೆ ನೀರು ಎಲ್ಲಿ ಬರಬೇಕು?

ಸುಮ್ಮನೆ ಹೇಳಿದ್ದಲ್ಲ. ಗುಜರಿಯಲ್ಲಿ ಒಂಬೈನೂರಕ್ಕೆ ಅದೇ ಪಂಪು ತಂದು ನಮ್ಮ ಬಾವಿಗೆ ಕೂರಿಸಿದ್ದೆ. ಮಳೆಗಾಲದಲ್ಲಿ ನಾಲ್ಕೈದು ಮೀಟರಿನಿಂದ ಸಲೀಸಾಗಿ ಬರುತ್ತಿತ್ತು. ಏಪ್ರಿಲ್‌ನಲ್ಲಿ ನೀರು ಒಂಬತ್ತಕ್ಕೆ ಇಳಿದಾಗ ಬರೀ ಬಿಕ್ಕಳಿಕೆ. ಒಣಗಿದ ವಾಷರಿಗೆ ಮೇಲಿನಿಂದ ಒಂದು ಚೊಂಬು ನೀರು ಸುರಿದೂ ನೋಡಿದೆ, ಊಹೂಂ. ಹೆಂಡತಿ ಆ ಪಂಪಿನ ಮೇಲೆ ಈಗ ತುಳಸಿ ಕುಂಡ ಇಟ್ಟಿದ್ದಾಳೆ.

ಆದರೆ ಇಲ್ಲೂ ಒಂದು ಮೋಸವಿದೆ. ಸಂಪಿನ ಮೇಲೆ ಇದೇ ಪಂಪು ಕೂರಿಸಿದ್ದರೆ ಲೆಕ್ಕ ಕೆಡುತ್ತದೆ. ತುಮಕೂರಿನ ಮನೆಯೊಂದರ ಫೋಟೋವನ್ನು ಬಿಹಾರ ಅಂತ ಹೇಳಿ ನಗೆಪಾಟಲಾದವನು ನಾನೇ. ಹಾಗಾಗಿ ಈಗ ಮೊದಲು ಪಂಪಿನ ಬುಡ ನೋಡುತ್ತೇನೆ. ಅತ್ತೆಯ ಫೋಟೋದಲ್ಲಿ ಚಪ್ಪಡಿಯಿಲ್ಲ, ಮುಚ್ಚಳವಿಲ್ಲ, ಪೈಪು ನೇರ ಮಣ್ಣಿಗೆ ಇಳಿದಿತ್ತು. ಕಟ್ಟೆಯಲ್ಲಿ ಇನ್ನೊಂದು ಗುರುತೂ ನೋಡುತ್ತೇನೆ, ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ನೀರು ಮೇಲೆಯೇ ಸಿಗುವ ಗಂಗೆಯ ಮೆಕ್ಕಲು ಬಯಲು ಅಂದೆ. ಭಾವ ಐನೂರು ರೂಪಾಯಿ ಪಂಥ ಕಟ್ಟಿದರು. ಟ್ರಂಕಿನ ತಳದಲ್ಲಿ ಸಿಕ್ಕ ಸರ್ವಿಸ್ ಪುಸ್ತಕದಲ್ಲಿ ಹದಿನಾಲ್ಕು ತಿಂಗಳ ಗೋರಖಪುರ ವರ್ಗಾವಣೆ ಇತ್ತು. ಅತ್ತೆಗೆ ತೋರಿಸಿದರೆ, "ಅಯ್ಯೋ, ಆ ಪಂಪಿನ ನೀರು ಚಳಿಗಾಲದಲ್ಲಿ ಬೆಚ್ಚಗಿರ್ತಿತ್ತು ಕಣಪ್ಪ" ಅಂದರು.

ಕರಾವಳಿಯ ಬಾವಿಗಳಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ, ಒಳಗೋಡೆಯ ಮುರಕಲ್ಲು ಕಂಡರೆ ಸಾಕು. ಕೊಪ್ಪಳದ ಫೋಟೋ ಮಾತ್ರ ಇನ್ನೂ ಮೇಜಿನ ಮೇಲಿದೆ. ಭಾವ ಐನೂರು ಕೊಟ್ಟಿಲ್ಲ.