ಸೈಟಿನ ಇ.ಸಿ. ತೆಗೆಸಿದ ಮೇಲೆ: ಒಂದು ಗೋಯಿಂಗ್ ಕನ್ಸರ್ನ್ ಆಡಿಟ್

ನಾನು ಆಡಿಟರ್ ಆಗಿದ್ದ, ಪೀಣ್ಯದ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ. ಸಿ.ಎನ್.ಸಿ. ಯಂತ್ರಗಳಲ್ಲಿ ವಾಹನಗಳ ಬಿಡಿಭಾಗ ಮಾಡಿಕೊಡುವ ಘಟಕ. ಅರ್ಧಕ್ಕಿಂತ ಜಾಸ್ತಿ ಕೆಲಸ ಕೊಡುತ್ತಿದ್ದ ಗಿರಾಕಿ 2022ರಲ್ಲಿ ಆರ್ಡರ್ ನಿಲ್ಲಿಸಿದ. 18 ಕೋಟಿ ಇದ್ದ ವಹಿವಾಟು 14 ಕೋಟಿಗೆ ಇಳಿಯಿತು. 2023ರ ಮಾರ್ಚ್ 31ರ ಲೆಕ್ಕದಲ್ಲಿ 1.6 ಕೋಟಿ ನಷ್ಟ. ಹಿಂದಿನ ವರ್ಷ 1.2 ಕೋಟಿ ಇದ್ದ ನೆಟ್‌ವರ್ತ್ ಈಗ ಮೈನಸ್ 40 ಲಕ್ಷ. ದಿನದ ವ್ಯವಹಾರಕ್ಕೆ ಬ್ಯಾಂಕ್ ಕೊಟ್ಟ 4 ಕೋಟಿ ಸಿ.ಸಿ. ಲಿಮಿಟ್‌ನಲ್ಲಿ 3.85 ಕೋಟಿ ಎತ್ತಿಯಾಗಿತ್ತು. ಟರ್ಮ್ ಲೋನಿನ ತಿಂಗಳ ಕಂತು 8 ಲಕ್ಷ, ಅದು 40 ದಿನ ತಡವಾಗಿತ್ತು. ಬ್ಯಾಂಕಿನ ಭಾಷೆಯಲ್ಲಿ ಎಸ್.ಎಂ.ಎ.-1, ಅಂದರೆ ಕೆಡುವ ಸೂಚನೆ ಕಂಡ ಖಾತೆ. ತೊಂಬತ್ತು ದಿನ ದಾಟಿದರೆ ಎನ್.ಪಿ.ಎ., ಅಂದರೆ ಕೆಟ್ಟ ಸಾಲ.

ಕಡತ ತಂದಿಟ್ಟ ಅಕೌಂಟೆಂಟ್, "ಸಾರ್, ಈ ಸಲವೂ ಗೋಯಿಂಗ್ ಕನ್ಸರ್ನ್ ಅಂತಾನೇ ಹಾಕಿದೀವಿ" ಅಂದರು. ಕಂಪನಿ ಮುಂದೆಯೂ ನಡೆಯುತ್ತದೆ ಎಂದು ಹಿಡಿದು ಲೆಕ್ಕ ಬರೆಯುವ ಪದ್ಧತಿ ಅದು. ಹಾಕಿದ್ದು ತಪ್ಪಲ್ಲ. ಕಂಪನಿಯನ್ನು ಮುಚ್ಚುವ ಇರಾದೆ ಯಾರಿಗೂ ಇರಲಿಲ್ಲ, ಮುಚ್ಚದೆ ಬೇರೆ ದಾರಿಯೇ ಇಲ್ಲ ಅನ್ನುವ ಸ್ಥಿತಿಯೂ ಬಂದಿರಲಿಲ್ಲ. ಆದರೆ ಆ ಪದ್ಧತಿಯಲ್ಲಿ ಲೆಕ್ಕ ಬರೆಯುವುದು ಒಂದು ಮಾತು, ಅದರ ಬಗ್ಗೆ ಅನುಮಾನ ಇದೆಯೋ ಇಲ್ಲವೋ ಎಂದು ನೋಡುವುದು ಇನ್ನೊಂದು. ಪುಸ್ತಕದಲ್ಲಿ ಯಂತ್ರಗಳ ಬೆಲೆ 2.3 ಕೋಟಿ ಇತ್ತು. ಅವನ್ನು ಓಡಿಸಿ ದುಡಿಯುತ್ತೇವೆ ಅಂತಲೇ ಆ ಬೆಲೆ. ನಾಳೆ ಬಾಗಿಲು ಹಾಕಿ ಮಾರಿದರೆ ಅದರ ಅರ್ಧವೂ ಬರುವುದು ಕಷ್ಟ.

ಮೊದಲು ಅಂದಾಜು ಮಾಡಬೇಕಾದವರು ಕಂಪನಿಯವರೇ. ಲೆಕ್ಕವನ್ನು ಗೋಯಿಂಗ್ ಕನ್ಸರ್ನ್ ಆಧಾರದ ಮೇಲೆ ತಯಾರಿಸಿದ್ದೇವೆ ಎಂದು ಡೈರೆಕ್ಟರ್‌ಗಳು ತಮ್ಮ ವರದಿಯಲ್ಲಿ ಹೇಳಬೇಕು, ಕಂಪನಿ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ. ನಾನು ಆಡಿಟಿಂಗ್ ಮಾನದಂಡ ಎಸ್.ಎ. 570ರಂತೆ ಅವರ ಅಂದಾಜನ್ನು ಪರೀಕ್ಷಿಸಬೇಕು. ಆ ಅಂದಾಜು ಬ್ಯಾಲೆನ್ಸ್ ಶೀಟ್ ದಿನದಿಂದ ಕನಿಷ್ಠ ಹನ್ನೆರಡು ತಿಂಗಳಾದರೂ ಮುಂದಕ್ಕೆ ನೋಡಬೇಕು. ಆಗಸ್ಟ್‌ನಲ್ಲಿ ಎಂ.ಡಿ. ಕೊಟ್ಟಿದ್ದು ಒಂದೇ ಹಾಳೆ. 2024ರ ಮಾರ್ಚ್‌ವರೆಗಿನ ತಿಂಗಳವಾರು ನಗದು ಅಂದಾಜು. ಅತಿ ಬಿಗಿಯಾದ ತಿಂಗಳು ಅಕ್ಟೋಬರ್. ಆಗಲೂ ಲಿಮಿಟ್ ಒಳಗೆ 15 ಲಕ್ಷ ಉಳಿಯುತ್ತದೆ ಅಂತ ತೋರಿಸಿದ್ದರು.

ಇಂಥ ಹಾಳೆಯ ಕೂಡುಕಳೆ ಸಾಮಾನ್ಯವಾಗಿ ಸರಿಯೇ ಇರುತ್ತದೆ, ಅದರಲ್ಲಿ ಹೊತ್ತು ಕಳೆಯಬೇಡಿ. ನಾನು ಹಿಂದಿನ ವರ್ಷದ ಹಾಳೆ ತರಿಸಿದೆ. ಅದರಲ್ಲಿ 18 ಕೋಟಿ ಮಾರಾಟ ಬರೆದಿದ್ದರು, ಆಗಿದ್ದು 14. ಆಮೇಲೆ ಏಪ್ರಿಲ್‌ನಿಂದ ಜುಲೈವರೆಗಿನ ಜಿ.ಎಸ್.ಟಿ. ರಿಟರ್ನ್ ನೋಡಿದೆ. ಹಾಳೆಯಲ್ಲಿ ತಿಂಗಳಿಗೆ 1.1 ಕೋಟಿಯಿಂದ ಶುರುವಾಗಿ ಅಕ್ಟೋಬರ್‌ಗೆ 1.4 ಕೋಟಿ. ನಿಜವಾಗಿ ಆಗುತ್ತಿದ್ದದ್ದು ಸರಾಸರಿ 92 ಲಕ್ಷ. "ಹೊಸ ಪಾರ್ಟಿ ಪಿ.ಓ. ಕೊಟ್ಟಿದಾರೆ ಸಾರ್" ಅಂದರು ಎಂ.ಡಿ. ಓದಿದೆ. ದರ ಇತ್ತು, ಎಷ್ಟು ಪೀಸ್ ಅನ್ನುವುದು ಇರಲಿಲ್ಲ. ಶೆಡ್ಯೂಲ್ ಬಂದ ಮೇಲೆ ಮಾತ್ರ ಸರಬರಾಜು ಎಂಬ ಸಾಲು ಕೆಳಗಿತ್ತು. ಅದನ್ನು ಆರ್ಡರ್ ಅನ್ನಲಾಗದು.

ದೊಡ್ಡ ತೂತು ಇದ್ದದ್ದು ವಸೂಲಿಯಲ್ಲಿ. ಗಿರಾಕಿಗಳಿಂದ 60 ದಿನಕ್ಕೆ ಹಣ ಬರುತ್ತದೆ ಅಂತ ಹಾಳೆ ಹೇಳುತ್ತಿತ್ತು. ಬಾಕಿ ಪಟ್ಟಿಯ ಪ್ರಕಾರ ಬರುತ್ತಿದ್ದದ್ದು 95 ದಿನಕ್ಕೆ. ಅಂದರೆ 35 ದಿನದ ಮಾರಾಟದ ಹಣ ಬೇಗ ಕೈಸೇರುತ್ತದೆ ಎಂದು ಸುಮ್ನೆ ಲೆಕ್ಕ ಹಿಡಿದಿದ್ದರು. ತಿಂಗಳಿಗೆ 92 ಲಕ್ಷದಂತೆ ಅದು 1.07 ಕೋಟಿ. ಇದೊಂದನ್ನು ತಿದ್ದಿದರೆ ಅಕ್ಟೋಬರ್‌ನ 15 ಲಕ್ಷ ಉಳಿಕೆ 92 ಲಕ್ಷ ಕೊರತೆಯಾಯಿತು. ಮಾರಾಟವನ್ನೂ ತಿದ್ದಿದಾಗ ಕೊರತೆ ಸುಮಾರು 1.2 ಕೋಟಿ. (ಮಾರಾಟ ಇಳಿದರೆ ಕಬ್ಬಿಣದ ಖರೀದಿಯೂ ಇಳಿಯುತ್ತದೆ. ಅದಕ್ಕೇ ಅದರ ಪೆಟ್ಟು ಅಷ್ಟು ದೊಡ್ಡದಾಗಲಿಲ್ಲ.)

ಈ ಹಾಳೆ ಮುಂದಿಟ್ಟಾಗ ಎಂ.ಡಿ. ಎರಡು ದಾರಿ ಹೇಳಿದರು. ಅವರ ತಮ್ಮ ಜೂನ್‌ನಲ್ಲೇ 40 ಲಕ್ಷ ಸಾಲ ತಂದುಹಾಕಿದ್ದರು. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಕಾಣುತ್ತಿತ್ತು. ತಡವಾದ ಕಂತು ತೀರಿಸಿ, ಉಳಿದದ್ದರಲ್ಲಿ ಮಾಲು ತಂದಿದ್ದರು. ಒಪ್ಪಿದೆ, ಆದರೆ ಆ ಹಣ ಅಷ್ಟರಲ್ಲೇ ಖರ್ಚಾಗಿತ್ತು, ಹಾಳೆಯಲ್ಲೂ ಸೇರಿತ್ತು. ಎರಡನೆಯದು ಒಂದು ಪತ್ರ. ನನ್ನ ಸ್ವಂತ ಸೈಟು ಮಾರಿ 1.5 ಕೋಟಿ ಕಂಪನಿಗೆ ತರುತ್ತೇನೆ ಎಂದು ಎಂ.ಡಿ. ಕೊಟ್ಟ ಭರವಸೆ.

ಹಿಂದೆ ಇನ್ನೊಂದು ಕಡೆ ಇಂಥದೇ ಪತ್ರವನ್ನು ಕಡತಕ್ಕೆ ಸೇರಿಸಿ ಸಹಿ ಹಾಕಿದ್ದೆ. ಕೊಟ್ಟವರ ಹತ್ತಿರ ಹಣ ಇದೆಯಾ ಅಂತ ಕೇಳಿರಲಿಲ್ಲ. ಇರಲಿಲ್ಲ. ಆಮೇಲೆ ಅದು ಬಯಲಾದಾಗ ನನಗೆ ಬಹಳ ಮುಜುಗರವಾಯಿತು. ಹಾಗಾಗಿ ಈ ಸಲ ಸೈಟಿನ ಇ.ಸಿ. ಕೇಳಿದೆ. ಎಂ.ಡಿ. ಮುಖ ಸಣ್ಣದಾಯಿತು. "ನನ್ ಮಾತು ಸಾಲ್ದಾ ಸಾರ್?"

ಇ.ಸಿ. ಬಂತು. ಸೈಟಿನ ಪತ್ರಗಳು ಅದೇ ಬ್ಯಾಂಕಿನಲ್ಲಿ ಅಡವಿದ್ದವು, ಇದೇ ಕಂಪನಿಯ ಸಾಲಕ್ಕೆ. ಸ್ಯಾಂಕ್ಷನ್ ಪತ್ರದ ಅನುಬಂಧದಲ್ಲೂ ಅದೇ ಸೈಟು. ಎಂ.ಡಿ. ಏನನ್ನೂ ಮುಚ್ಚಿಡುತ್ತಿರಲಿಲ್ಲ ಅನಿಸುತ್ತದೆ. ಸೈಟು ತನ್ನದೇ, ಮಾರಿದರೆ ಹಣ ತನ್ನದೇ ಅಂತ ಅವರ ತಲೆಯಲ್ಲಿತ್ತು. ಆದರೆ ಮಾರಬೇಕಾದರೆ ಬ್ಯಾಂಕಿನ ಎನ್.ಓ.ಸಿ. ಬೇಕು. ಎಂ.ಡಿ. ಒಪ್ಪಿಗೆ ಪಡೆದು ಬ್ಯಾಂಕಿಗೆ ಬರೆದೆ. ಉತ್ತರ ಬಂತು: ಮಾರಿದ ಹಣ ಮೊದಲು ಟರ್ಮ್ ಲೋನಿಗೆ, ಮಿಕ್ಕಿದ್ದು ಸಿ.ಸಿ. ಖಾತೆಗೆ. ಟರ್ಮ್ ಲೋನ್ ಬಾಕಿ 1.3 ಕೋಟಿ. ಅಂದರೆ 1.5 ಕೋಟಿಯಲ್ಲಿ ವ್ಯಾಪಾರಕ್ಕೆ ಸಿಗುವುದು ಹೆಚ್ಚೆಂದರೆ 20 ಲಕ್ಷ. ಮುಂದೆ ತಿಂಗಳ 8 ಲಕ್ಷ ಕಂತು ಕಟ್ಟುವ ಹೊರೆ ಇಳಿಯುತ್ತದೆ, ಅದು ನಿಜವಾದ ಅನುಕೂಲ. ಆದರೆ ಅಕ್ಟೋಬರ್ ಕೊರತೆಗೆ ಅದು ಮದ್ದಲ್ಲ. ಕೊಳ್ಳುವವರೂ ಇನ್ನೂ ಸಿಕ್ಕಿರಲಿಲ್ಲ.

ಹಾಗಾಗಿ ತೀರ್ಮಾನ: ಪದ್ಧತಿ ಸರಿ, ಆದರೆ ಗಂಭೀರ ಅನಿಶ್ಚಿತತೆ ಇದೆ. ವರದಿಯಲ್ಲಿ ಅದಕ್ಕೇ ಮೀಸಲಾದ ಪ್ರತ್ಯೇಕ ಪ್ಯಾರಾ ಬೇಕು. "ಎಂಫಸಿಸ್ ಆಫ್ ಮ್ಯಾಟರ್ ಅಂತ ಮೆತ್ತಗೆ ಹಾಕಿ ಸಾರ್. ಇಲ್ಲಾಂದ್ರೆ ಬ್ಯಾಂಕಿನವರೇ ನಮ್ಮನ್ನ ಮುಚ್ಚಿಸ್ತಾರೆ" ಅಂದರು ಎಂ.ಡಿ. ಆ ಭಯ ಸುಳ್ಳಲ್ಲ, ಅಂಥ ಪ್ಯಾರಾ ಓದಿ ಸಾಲ ಕೊಟ್ಟವರು ಹೆದರುವುದುಂಟು. ಆದರೆ ಎಂಫಸಿಸ್ ಪ್ಯಾರಾ ಟಿಪ್ಪಣಿಯಲ್ಲಿರುವ ಒಂದು ವಿಷಯದ ಕಡೆ ಗಮನ ಸೆಳೆಯುವುದು ಮಾತ್ರ, ಇಂಥ ಸ್ಥಿತಿಯಲ್ಲಿ ಪ್ರತ್ಯೇಕ ಪ್ಯಾರಾದ ಬದಲಿಗೆ ಅದು ನಡೆಯುವುದಿಲ್ಲ.

ನಾವು ಹೆಚ್ಚು ಜಗ್ಗಾಡಿದ್ದು ಲೆಕ್ಕದ ಟಿಪ್ಪಣಿಯ ಮೇಲೆ. ಮೊದಲ ಕರಡು ನಾಲ್ಕು ಸಾಲು, ನಾಲ್ಕರಲ್ಲೂ ಆಡಳಿತಕ್ಕೆ ವಿಶ್ವಾಸವಿದೆ ಎಂಬ ಮಾತೇ. ನಷ್ಟದ ಮೊತ್ತ ಇಲ್ಲ, ಕಂತು ತಡವಾದದ್ದು ಇಲ್ಲ. ಏನಾಗಿದೆ, ಅದಕ್ಕೆ ಏನು ಯೋಜನೆ, ಇವೆರಡನ್ನು ಬರೆಯಲೇಬೇಕು. ಜೊತೆಗೆ ಅನಿಶ್ಚಿತತೆ ಇದೆ, ಅದರಿಂದ ಎಂದಿನ ವ್ಯವಹಾರದಲ್ಲಿ ಆಸ್ತಿ ನಗದಾಗದೆ, ಸಾಲ ತೀರದೆ ಹೋಗಬಹುದು ಎಂದು ನೇರವಾಗಿ ಹೇಳಬೇಕು. ಟಿಪ್ಪಣಿ ಸರಿಯಿದ್ದರೆ ನನ್ನ ಅಭಿಪ್ರಾಯ ಕ್ಲೀನ್ ಆಗಿಯೇ ಇರುತ್ತದೆ, ಪ್ಯಾರಾ ಮಾತ್ರ ಸೇರುತ್ತದೆ. ಟಿಪ್ಪಣಿ ಸಾಲದಿದ್ದರೆ ಅಭಿಪ್ರಾಯವೇ, ಇಷ್ಟು ಬಿಟ್ಟು ಸರಿ ಎನ್ನುವ ಕ್ವಾಲಿಫೈಡ್ ಅಥವಾ ಲೆಕ್ಕವೇ ಸರಿಯಿಲ್ಲ ಎನ್ನುವ ಅಡ್ವರ್ಸ್. ಇದನ್ನು ಹೇಳಿದ ಮೇಲೆ ಮೂರನೇ ಕರಡಿಗೆ ಮೊತ್ತಗಳು ಬಂದವು. ಸರ್ಕಾರದ ಆದೇಶವಾದ ಕ್ಯಾರೋ 2020ರಂತೆ ಆಡಿಟರ್ ಕೊಡುವ ವರದಿಯ 19ನೇ ಅಂಶಕ್ಕೂ ಇದೇ ಉತ್ತರ ಹೊಂದಬೇಕು. ಬ್ಯಾಲೆನ್ಸ್ ಶೀಟ್ ದಿನ ಇರುವ ಸಾಲಗಳಲ್ಲಿ ಒಂದು ವರ್ಷದೊಳಗೆ ಕಟ್ಟಬೇಕಾದವನ್ನು ತೀರಿಸುವ ಶಕ್ತಿ ಇದೆಯೇ ಎಂದು ಅಲ್ಲಿ ಕೇಳುತ್ತಾರೆ. ಇಲ್ಲಿ ಪ್ಯಾರಾ ಹಾಕಿ ಅಲ್ಲಿ ಹಳೇ ವರ್ಷದ ಸಾಲನ್ನೇ ನಕಲು ಮಾಡಿರುವ ವರದಿಗಳನ್ನು ನೋಡಿದ್ದೇನೆ.

ಬ್ಯಾಂಕ್ ಮುಚ್ಚಿಸಲಿಲ್ಲ. ಎಂ.ಡಿ.ಯನ್ನು ಕರೆಸಿ, ಪ್ರತಿ ತಿಂಗಳು ನಗದು ಲೆಕ್ಕ ಕೊಡಿ ಅಂದರು. 2024ರ ಫೆಬ್ರವರಿಯಲ್ಲಿ ಸೈಟು ಮಾರಾಟವಾಗಿ ಟರ್ಮ್ ಲೋನ್ ತೀರಿತು. ವಸೂಲಿ 78 ದಿನಕ್ಕೆ ಇಳಿಯಿತು. ಮುಂದಿನ ಆಗಸ್ಟ್‌ನಲ್ಲಿ ಅವರೇ ಆಫೀಸಿಗೆ ಬಂದು, "ಈ ಸಲ ಪ್ಯಾರಾ ತೆಗೀತೀರಲ್ವಾ ಸಾರ್?" ಅಂದರು. ಸಿ.ಸಿ. ಲಿಮಿಟನ್ನು ಬ್ಯಾಂಕ್ ಮೂರು ತಿಂಗಳಿಗೆ ಮಾತ್ರ ಮುಂದುವರಿಸಿತ್ತು. ಪೂರ್ತಿ ವರ್ಷದ ರಿನ್ಯೂವಲ್ ಪತ್ರ ತನ್ನಿ ಅಂದೆ. ಸಹಿಯ ದಿನದವರೆಗೂ ಅದು ಬರಲಿಲ್ಲ, ಪ್ಯಾರಾ ಉಳಿಯಿತು.