ಹಾಲು ಒಡೆದ ಭಾನುವಾರ

ಬೆಂಗಳೂರಿನಲ್ಲಿ ಮನೆಮನೆಗೆ ಹಾಲು, ದಿನಸಿ ತಲುಪಿಸುವ ಕಂಪನಿಯೊಂದರಲ್ಲಿ ಸಾಮಾಜಿಕ ಜಾಲತಾಣದ ದೂರುಗಳ ಮೇಲೆ ಕಣ್ಣಿಡುವುದು ನನ್ನ ಕೆಲಸ. ಮೊದಲು ನಾನು ಕಟ್ಟಿದ್ದ ವ್ಯವಸ್ಥೆ ತೀರಾ ಸರಳ: ನಕಾರಾತ್ಮಕ ಪೋಸ್ಟ್‌ಗಳು ಸರಾಸರಿಯ ಮೂರು ಪಟ್ಟು ದಾಟಿದರೆ ಇಮೇಲ್ ಹೋಗುತ್ತಿತ್ತು. ಒಬ್ಬನೇ ಗ್ರಾಹಕ ಸಿಟ್ಟಿನಲ್ಲಿ ಹದಿನೈದು ಬಾರಿ ಬರೆದರೂ ಗಂಟೆ ಬಾರಿಸುತ್ತಿತ್ತು. ‘ಬೆಂಕಿ ಆಫರ್’ ಎಂದು ಯಾರಾದರೂ ಹೊಗಳಿದರೆ ಅದೂ ದೂರಿನ ಲೆಕ್ಕಕ್ಕೆ ಸೇರುತ್ತಿತ್ತು. ಎರಡೇ ವಾರದಲ್ಲಿ ಆ ಇಮೇಲ್‌ಗಳನ್ನು ಯಾರೂ ತೆರೆಯದಂತಾಯಿತು.

ಆಮೇಲೆ ಪೋಸ್ಟ್‌ಗಳನ್ನು ಬಿಟ್ಟು ಬರೆದವರನ್ನು ಎಣಿಸತೊಡಗಿದೆ. ಹತ್ತು ನಿಮಿಷಕ್ಕೊಮ್ಮೆ ಎಣಿಕೆ. ಹೋಲಿಕೆ ಮಾತ್ರ ಹಿಂದಿನ ಎಂಟು ವಾರಗಳ ಅದೇ ದಿನದ, ಅದೇ ಹೊತ್ತಿನ ಜೊತೆ.

```
authors >= 8 and authors > median + 4 * mad
```

ಇಲ್ಲಿ `median` ಎಂದರೆ ಆ ಎಂಟು ಎಣಿಕೆಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಡುವೆ ಬರುವ ಮಧ್ಯಾಂಕ; `mad` ಎಂದರೆ ಆ ಮಧ್ಯಾಂಕದಿಂದ ಎಣಿಕೆಗಳು ಸಾಮಾನ್ಯವಾಗಿ ಎಷ್ಟು ದೂರ ಸರಿಯುತ್ತವೆ ಎಂಬ ಅಳತೆ. ನಸುಕಿನಲ್ಲಿ ಎರಡೂ ಸೊನ್ನೆಯಾಗಿರುವುದುಂಟು. ಆಗ ಒಂದೇ ದೂರಿಗೂ ಮಂದಿ ಏಳಬೇಕಾಗುತ್ತದೆ. ಎಂಟು ಜನರ ಕನಿಷ್ಠ ಮಿತಿ ಅದಕ್ಕಾಗಿ. ಸತತ ಎರಡು ಎಣಿಕೆಗಳಲ್ಲಿ ಷರತ್ತು ಪೂರೈಸಿದರೆ ಸರದಿಯಲ್ಲಿರುವವರಿಗೆ ಫೋನ್ ಕರೆ ಹೋಗುತ್ತದೆ. ಐದು ನಿಮಿಷದಲ್ಲಿ ಅವರು ಒಪ್ಪಿಗೆ ಒತ್ತದಿದ್ದರೆ ಕರೆ ನನಗೆ ಬರುತ್ತದೆ.

ಒಂದು ಭಾನುವಾರ ಬೆಳಿಗ್ಗೆ 6:20ಕ್ಕೆ ಹನ್ನೊಂದು ಜನ, 6:30ಕ್ಕೆ ಹತ್ತೊಂಬತ್ತು. ಆ ಹೊತ್ತಿನ ಮಧ್ಯಾಂಕ ಎರಡು, `mad` ಒಂದು. ಸರದಿಯಲ್ಲಿದ್ದ ಸಹೋದ್ಯೋಗಿ ಫೋನ್ ಎತ್ತಿದಾಗ ತೆರೆದುಕೊಂಡ ಚೆಕ್‌ಲಿಸ್ಟ್‌ನ ಮೊದಲ ಸಾಲು: ‘ನಿಗದಿಯಾಗಿರುವ ಪೋಸ್ಟ್‌ಗಳನ್ನೆಲ್ಲ ನಿಲ್ಲಿಸಿ.’ ಏಳು ಗಂಟೆಗೆ ಹೊರಡಲು ಸಿದ್ಧವಾಗಿದ್ದದ್ದು ‘ತಾಜಾ ಹಾಲಿನ ಬೆಳಗಿನ ಕಾಫಿ’ ಎಂಬ ಜಾಹೀರಾತು.

ಎರಡನೆಯ ಸಾಲು: ‘ಇಪ್ಪತ್ತು ಪೋಸ್ಟ್‌ಗಳನ್ನು ನೀವೇ ಓದಿ, ಏನು, ಎಲ್ಲಿ ಎಂದು ಬರೆಯಿರಿ.’ ಎಣಿಕೆ ತೋರಿಸದಿದ್ದುದು ಓದಿನಲ್ಲಿ ಸಿಕ್ಕಿತು. ದೂರಿದವರೆಲ್ಲ ವಿಜಯನಗರ, ರಾಜಾಜಿನಗರದ ಆಸುಪಾಸಿನವರು. ಎಲ್ಲರದೂ ಒಂದೇ ಮಾತು, ಕಾಯಿಸಿದರೆ ಹಾಲು ಒಡೆಯುತ್ತಿದೆ. ಆ ಭಾಗಕ್ಕೆಲ್ಲ ಒಂದೇ ಡಿಪೋ. ಆಕೆ ಅಲ್ಲಿಗೆ ಕರೆ ಮಾಡಿದಳು.

‘ಅಣ್ಣಾ, ರಾತ್ರಿ ಕೋಲ್ಡ್ ರೂಮ್ ಸರಿ ಇತ್ತೇ?’

‘ಎರಡು ಗಂಟೆಗೆ ಕರೆಂಟ್ ಹೋಯಿತು ಮೇಡಂ. ಜನರೇಟರ್ ಹತ್ತಲಿಲ್ಲ.’

ಹೊರಡದೆ ಉಳಿದಿದ್ದ ಗಾಡಿಗಳನ್ನು ತಡೆದೆವು. ‘ಇಂದಿನ ಹಾಲು ಬಳಸಬೇಡಿ, ಹಣ ವಾಪಸು ಬರುತ್ತದೆ’ ಎಂಬ ಸಂದೇಶ ಆ ಎರಡು ಬಡಾವಣೆಗಳಿಗೆ ಮಾತ್ರ 7:05ಕ್ಕೆ ಹೋಯಿತು. ಕಾರಣ ಹೇಳುವ ಸಾಲನ್ನು ಬೇಕೆಂದೇ ಬಿಟ್ಟೆವು. ಜನರೇಟರ್ ಕಥೆ ಇನ್ನೂ ಒಬ್ಬನ ಬಾಯಿಮಾತಷ್ಟೇ ಆಗಿತ್ತು.

ಮುಂದಿನ ಭಾನುವಾರ ಲೆಕ್ಕ ತೆಗೆದು ನೋಡಿದೆ. ಹಳೆಯ ಸರಾಸರಿಯಾಗಿದ್ದರೆ ಆ ಹತ್ತೊಂಬತ್ತು ಒಳಸೇರಿ ಗಡಿ ಮೇಲೇರಿರುತ್ತಿತ್ತು. ಮಧ್ಯಾಂಕ ಇನ್ನೂ ಎರಡರಲ್ಲೇ ಇತ್ತು.