ಓದಕ್ಕೆ ಬರಲ್ಲ, ಓದಕ್ಕೆ ಆಗಲ್ಲ

ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಕ್ಕರೆ ಕಾಯಿಲೆಯವರನ್ನು ಮಾತಾಡಿಸಿ ರೆಕಾರ್ಡ್ ಮಾಡಿಕೊಂಡಿದ್ದ ಸಂದರ್ಶನಗಳನ್ನು ಇಂಗ್ಲಿಷಿಗೆ ತರುವ ಕೆಲಸ ಕೆಲವು ವರ್ಷಗಳ ಹಿಂದೆ ನನ್ನ ಪಾಲಿಗೆ ಬಂತು. ಓದುವವರಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಬರೆದ ಇಂಗ್ಲಿಷೇ ಅವರ ಪಾಲಿಗೆ ಆ ಜನರ ಮಾತು.

ಮೊದಲ ಕಂತಿನಲ್ಲೇ ಒಂದು ತಪ್ಪು ಮಾಡಿದೆ. ಒಬ್ಬ ಅಜ್ಜಿ ಆಸ್ಪತ್ರೆಯಲ್ಲಿ ಕೊಟ್ಟ ಚೀಟಿಯ ಬಗ್ಗೆ ಹೇಳುತ್ತಾ, ‘ನಂಗೆ ಓದಕ್ಕೆ ಬರಲ್ಲ ಕಣಮ್ಮ’ ಅಂದಿದ್ದರು. ಬೇರೆ ಊರಿನ ಇನ್ನೊಬ್ಬರು ಅದೇ ಪ್ರಶ್ನೆಗೆ, ‘ನಂಗೆ ಓದಕ್ಕೆ ಆಗಲ್ಲ’ ಅಂದಿದ್ದರು. ಎರಡಕ್ಕೂ ನಾನು ‘ಐ ಕೆನಾಟ್ ರೀಡ್’ ಅಂತ ಬರೆದೆ. ವ್ಯಾಕರಣದ ಪ್ರಕಾರ ಎರಡೂ ಸರಿಯೇ. ಆದರೆ ಒಟ್ಟು ಮಾಡಿದ ಪಟ್ಟಿಯಲ್ಲಿ ಇಬ್ಬರೂ ‘ಅನಕ್ಷರಸ್ಥರು’ ಅನ್ನುವ ಕಾಲಂಗೆ ಹೋದರು. ಅನುಮಾನ ಬಂದು ಎರಡನೆಯವರ ಧ್ವನಿಯನ್ನು ಮತ್ತೆ ಕೇಳಿದೆ. ಹತ್ತು ನಿಮಿಷದ ನಂತರ ಅವರೇ, ‘ಮುಂಚೆ ದಿನಾ ಪೇಪರ್ ಓದ್ತಿದ್ದೆ, ಈಗ ಎಲ್ಲಾ ಮಂಜು ಮಂಜು’ ಅನ್ನುತ್ತಾರೆ. ಓದು ಅವರಿಗೆ ಬರುತ್ತಿತ್ತು, ಕಣ್ಣು ಕಾಣುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಇರುವವರ ವಿಷಯದಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಮೊದಲನೆಯವರಿಗೆ ಚಿತ್ರ ಇರುವ ಚೀಟಿ ಬೇಕಿತ್ತು, ಎರಡನೆಯವರಿಗೆ ಕಣ್ಣಿನ ಪರೀಕ್ಷೆ ಆಗಬೇಕಿತ್ತು.

ಆಮೇಲೆ ಕೂತು ಯೋಚಿಸಿದೆ. ‘ನನಗೆ’ ಇರುವ ವಾಕ್ಯವನ್ನು ಕಂಡ ಕೂಡಲೇ ನಾನು ಅದನ್ನು ‘ಐ’ ಮಾಡುತ್ತಿದ್ದೆ. ಚತುರ್ಥೀ ವಿಭಕ್ತಿಯಲ್ಲಿ ಇದ್ದವರನ್ನು ಪ್ರಥಮಾ ವಿಭಕ್ತಿಗೆ ಎಳೆದ ತಕ್ಷಣ ಅವರು ಕೆಲಸ ಮಾಡುವವರಾಗಿಬಿಡುತ್ತಾರೆ. ಕನ್ನಡದಲ್ಲಿ ಅವರು ಏನನ್ನೂ ಮಾಡಿರುವುದಿಲ್ಲ. ಹಸಿವು ಆಗುತ್ತದೆ, ನೆನಪು ಬರುತ್ತದೆ, ವಿಷಯ ಗೊತ್ತಾಗುತ್ತದೆ, ಊಟ ಹಿಡಿಸುತ್ತದೆ. ಕ್ರಿಯಾಪದವೂ ಅವರ ಜೊತೆ ಹೋಗುವುದಿಲ್ಲ, ಬಂದದ್ದರ ಜೊತೆ ಹೋಗುತ್ತದೆ: ‘ನನಗೆ ಜ್ವರ ಬಂದಿದೆ’, ‘ನನಗೆ ಇಬ್ಬರು ಮಕ್ಕಳಿದ್ದಾರೆ’. ಇಂಗ್ಲಿಷಿನಲ್ಲಿ ‘ಐ’ ಅನ್ನುವುದು ಬಹಳ ಕಡೆ ತಪ್ಪಿಸಲಾಗದ್ದೇ. ಅಲ್ಲೆಲ್ಲ ಅದರ ಮುಂದೆ ಯಾವ ಕ್ರಿಯಾಪದ ಇಡುತ್ತೇವೆ ಅನ್ನುವುದರಲ್ಲಿ ಮಾತ್ರ ನಮಗೆ ಆಯ್ಕೆ ಇದೆ.

ಅಂದಿನಿಂದ ನಾನು ಮಾಡುವುದು ಇಷ್ಟು. ಮೊದಲ ಓದಿನಲ್ಲಿ ಅನುವಾದ ಮಾಡುವುದೇ ಇಲ್ಲ. ‘ನನಗೆ’, ‘ನಂಗೆ’, ‘ನಮಗೆ’, ‘ಅವರಿಗೆ’ ಬಂದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತೇನೆ. ‘ನಂಗೆ ಕೊಟ್ರು’, ‘ನಂಗೆ ಹೇಳಿದ್ರು’ ಅನ್ನುವಂಥವು ತೊಂದರೆ ಕೊಡುವುದಿಲ್ಲ, ಕೊಟ್ಟವರು ಬೇರೆ ಇದ್ದಾರೆ. ಉಳಿದವುಗಳಿಗೆ ಒಂದು ಪರೀಕ್ಷೆ: ವಾಕ್ಯದ ಶುರುವಿನಲ್ಲಿ ‘ಬೇಕಂತಲೇ’ ಸೇರಿಸಿ ನೋಡುತ್ತೇನೆ. ‘ಬೇಕಂತಲೇ ನೆನಪಿಸಿಕೊಂಡೆ’ ಅನ್ನಬಹುದು, ‘ಬೇಕಂತಲೇ ನನಗೆ ನೆನಪಾಯಿತು’ ಅಂದರೆ ಕಿವಿ ಒಪ್ಪುವುದಿಲ್ಲ. ಒಪ್ಪದಿದ್ದರೆ ಆ ವಾಕ್ಯಕ್ಕೆ ಇಂಗ್ಲಿಷಿನಲ್ಲಿ ಉದ್ದೇಶ ಸೂಚಿಸುವ ಕ್ರಿಯಾಪದ ಕೂಡದು. ಇನ್ನೊಂದು ಪರೀಕ್ಷೆ, ಆಜ್ಞೆ. ‘ತಿಳಿದುಕೋ’ ಅಂತ ಯಾರಿಗಾದರೂ ಹೇಳಬಹುದು. ‘ಗೊತ್ತು’ ಅನ್ನುವುದಕ್ಕೆ ಆಜ್ಞೆಯ ರೂಪವೇ ಇಲ್ಲ.

ಗೊತ್ತಿನ ಬಗ್ಗೆಯೇ ಇನ್ನೊಂದು ಮಾತು. ‘ಡಾಕ್ಟ್ರು ಹೇಳಿದ್ದು ನಂಗೆ ಗೊತ್ತಾಗ್ಲಿಲ್ಲ’ ಅನ್ನುವುದು ಈ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಬಂತು. ‘ಐ ಡಿಡ್ ನಾಟ್ ನೋ’ ಅಂದರೆ ಯಾರೂ ಅವರಿಗೆ ಹೇಳಿಯೇ ಇಲ್ಲ ಅನ್ನುವ ಹಾಗೆ ಕೇಳುತ್ತದೆ. ಅದಕ್ಕೆ ಕನ್ನಡದಲ್ಲಿ ‘ಗೊತ್ತಿರಲಿಲ್ಲ’ ಇದೆ. ‘ಗೊತ್ತಾಗ್ಲಿಲ್ಲ’ ಅಂದರೆ ಮಾತು ಕಿವಿಗೆ ಬಿತ್ತು, ತಲೆಗೆ ಹತ್ತಲಿಲ್ಲ. ಇಲ್ಲಿ ‘ಐ ಕುಡಂಟ್ ಫಾಲೋ’ ಸರಿ. ಒಂದು ‘ಇರು’, ಒಂದು ‘ಆಗು’: ಹೇಳದ ವೈದ್ಯರಿಗೂ ಅರ್ಥವಾಗದ ಹಾಗೆ ಹೇಳಿದ ವೈದ್ಯರಿಗೂ ಇರುವ ಅಂತರ ಆ ಎರಡು ಧಾತುಗಳಲ್ಲಿದೆ.

ಇಷ್ಟಾನಿಷ್ಟ ಹೇಳುವ ವಾಕ್ಯಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇಷ್ಟದ ಮಾತೇ ಅಲ್ಲದ ಒಂದು ವಾಕ್ಯ. ‘ಆ ಬಿಳಿ ಮಾತ್ರೆ ನಂಗೆ ಆಗಲ್ಲ’ ಅಂತ ಒಬ್ಬರು ಹೇಳಿದ್ದನ್ನು ನನಗಿಂತ ಮೊದಲು ಕೆಲಸ ಮಾಡಿದವರು ‘ಐ ಡೋಂಟ್ ಲೈಕ್ ದಟ್ ಟ್ಯಾಬ್ಲೆಟ್’ ಅಂತ ಮಾಡಿದ್ದರು. ಓದಿದವರಿಗೆ ಇದು ಹಠದಂತೆ ಕಾಣುತ್ತದೆ, ಮಾತ್ರೆ ತಪ್ಪಿಸುವ ರೋಗಿಯ ಚಿತ್ರ ಮೂಡುತ್ತದೆ. ನಮ್ಮಲ್ಲಿ ಬದನೆಕಾಯಿ ಆಗಲ್ಲ ಅಂದರೆ ತಿಂದರೆ ಮೈ ಕೆರೆಯುತ್ತದೆ, ಹೊಟ್ಟೆ ಕೆಡುತ್ತದೆ ಅಂತ. ನಾಲಿಗೆಗೆ ಅದು ಎಷ್ಟೇ ಹಿಡಿಸಿರಲಿ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯಿಂದ ಕೆಲವರಿಗೆ ವಾಕರಿಕೆ, ಭೇದಿ ಆಗುವುದು ಎಲ್ಲರಿಗೂ ತಿಳಿದದ್ದೇ. ಅವರು ಹೇಳುತ್ತಿದ್ದುದು ಇಂಥದ್ದೇ ಒಂದು ತೊಂದರೆ. ‘ಇಟ್ ಡಸಂಟ್ ಅಗ್ರೀ ವಿತ್ ಮಿ’ ಅಂತ ತಿದ್ದಿದೆ. ಇಲ್ಲಿ ಅದೃಷ್ಟಕ್ಕೆ ಇಂಗ್ಲಿಷಿನಲ್ಲೂ ಮಾತ್ರೆಯೇ ಕರ್ತೃ.

‘ಬೇಕು’ ಎಲ್ಲಕ್ಕಿಂತ ಕಷ್ಟ. ಇಂಗ್ಲಿಷ್ ಬಯಕೆಗೆ ಒಂದು, ಅಗತ್ಯಕ್ಕೆ ಒಂದು ಪದ ಇಟ್ಟುಕೊಂಡಿದೆ. ನಾವು ಎರಡನ್ನೂ ಒಂದೇ ಪದದಲ್ಲಿ ಹೇಳುತ್ತೇವೆ. ‘ನಮಗೆ ಊರಲ್ಲೇ ಆಸ್ಪತ್ರೆ ಬೇಕು’ ಅನ್ನುವುದನ್ನು ‘ವಿ ವಾಂಟ್’ ಅಂದರೆ ಬೇಡಿಕೆಯ ಘೋಷಣೆ, ‘ವಿ ನೀಡ್’ ಅಂದರೆ ಕೊರತೆಯ ವಿವರಣೆ. ಇಲ್ಲಿ ನಾನು ಮುಂದಿನ ವಾಕ್ಯ ನೋಡುತ್ತೇನೆ. ‘ಬಸ್ ಚಾರ್ಜ್ ಕೊಟ್ಟು ಹೋಗಿ ಬರೋಷ್ಟ್ರಲ್ಲಿ ಒಂದಿನದ ಕೂಲಿ ಹೋಯ್ತು’ ಅಂತ ಮುಂದುವರಿದರೆ ‘ನೀಡ್’. ಏನೂ ಸುಳಿವು ಇಲ್ಲದಿದ್ದರೆ ‘ನೀಡ್’ ಬರೆದು ಅಂಚಿನಲ್ಲಿ ಮೂಲದ ಪದವನ್ನು ಹಾಗೇ ಇಡುತ್ತೇನೆ. ಬಡವರ ಬಾಯಲ್ಲಿ ಕಾರಣವಿಲ್ಲದೆ ‘ವಾಂಟ್’ ಇಡುವುದು ಅನ್ಯಾಯ ಅಂತ ನನಗೆ ಖಚಿತವಾಗಿ ಅನ್ನಿಸುತ್ತದೆ.

ಇದೇ ಪದ ಪ್ರಶ್ನೆಯಲ್ಲೂ ಎಡವಿಸಿತು. ಇಂಗ್ಲಿಷ್ ಪ್ರಶ್ನಾವಳಿಯ ‘ವಾಟ್ ಡು ಯೂ ನೀಡ್’ ಅನ್ನುವುದನ್ನು ‘ನಿಮಗೆ ಏನು ಬೇಕು’ ಅಂತ ಕೇಳಲಾಗಿತ್ತು. ಮನೆಗೆ ಬಂದವರು ಏನು ಬೇಕು ಅಂತ ಕೇಳಿದರೆ ಮರ್ಯಾದಸ್ಥ ಅಜ್ಜಿ ಏನು ಹೇಳಬೇಕು? ‘ಏನೂ ಬೇಡ ಕಣಮ್ಮ, ನೀವು ಬಂದ್ರಲ್ಲ, ಸಾಕು.’ ಅದು ಇಂಗ್ಲಿಷಿನಲ್ಲಿ ‘ನೋ ನೀಡ್ಸ್’ ಆಗಿ ಕೂತಿತ್ತು. ‘ಬೇಡ’ ಅನ್ನುವುದು ಕೊಡಲು ಬಂದ ಕೈಯನ್ನು ನಯವಾಗಿ ತಡೆಯುವ ಮಾತು. ಅಗತ್ಯವೇ ಇಲ್ಲ ಅನ್ನುವುದಕ್ಕೆ ‘ಬೇಕಾಗಿಲ್ಲ’ ಇದೆ, ಅದನ್ನು ಅಜ್ಜಿ ಹೇಳಿರಲಿಲ್ಲ. ಆ ಉತ್ತರಗಳನ್ನು ನಾನು ‘ಡಿಕ್ಲೈನ್ಡ್’ ಅಂತ ಗುರುತು ಮಾಡಿ, ಪ್ರಶ್ನೆಯನ್ನೇ ಬದಲಿಸಲು ಬರೆದೆ. ಮುಂದಿನ ಸುತ್ತಿನಲ್ಲಿ ‘ಯಾವುದಕ್ಕೆ ಕಷ್ಟ ಆಗ್ತಾ ಇದೆ’ ಅಂತ ಕೇಳಿದಾಗ ಬೆರಳು ಮಡಚಿ ಎಣಿಸಿ ಹೇಳಿದವರಿದ್ದರು.

ಒಂದು ಹಂತದಲ್ಲಿ ವಿಭಕ್ತಿಯನ್ನೇ ಇಂಗ್ಲಿಷಿಗೆ ಒಯ್ಯಲು ಹೋಗಿದ್ದೆ. ‘ಟು ಮಿ ಹಂಗರ್ ಕೇಮ್’ ಅನ್ನುವ ಥರದ ವಾಕ್ಯಗಳು. ಎರಡು ಪುಟ ಬರೆದು ಹರಿದುಹಾಕಿದೆ. ಕನ್ನಡದಲ್ಲಿ ಹಸಿವಾಯಿತು ಅನ್ನುವುದು ದಿನಬಳಕೆಯ ಸಾದಾ ಮಾತು, ಹಾಗೆ ಬರೆದರೆ ನಮ್ಮ ಅಜ್ಜಿ ಜೋಗತಿಯ ಹಾಗೆ ವಿಚಿತ್ರವಾಗಿ ಮಾತಾಡುವವಳಾಗುತ್ತಾಳೆ. ‘ಐ ವಾಸ್ ಹಂಗ್ರಿ’ ಸಾಕು.

ಆ ಇಬ್ಬರ ಸಾಲುಗಳನ್ನು ಈಗ ಬೇರೆ ಬೇರೆ ಬರೆದಿದ್ದೇನೆ. ಒಂದು, ‘ಐ ನೆವರ್ ಲರ್ನ್ಟ್ ಟು ರೀಡ್’. ಇನ್ನೊಂದು, ‘ಐ ಕೆನಾಟ್ ಮೇಕ್ ಔಟ್ ದ ಲೆಟರ್ಸ್ ಎನಿಮೋರ್’. ಎರಡನೆಯದರ ಅಂಚಿನಲ್ಲಿ, ಕಣ್ಣಿನ ಪರೀಕ್ಷೆ ಆಗಿದೆಯೇ ಕೇಳಿ ಅಂತ ಪೆನ್ಸಿಲಿನಲ್ಲಿ ಬರೆದು ಫೈಲು ವಾಪಸ್ ಕಳಿಸಿದೆ.